ಆಪರೇಷನ್ ಆದವಳಿಗೂ ತಿಂಗಳು ನಿಂತರೆ: ಆಶಾ ಕಾರ್ಯಕರ್ತೆಯರಿಗೆ ಒಂದು ಬಹಿರಂಗ ಪತ್ರ

ಊರೂರಲ್ಲಿ ದುಡಿಯುತ್ತಿರುವ ಆಶಾ ಅಕ್ಕತಂಗಿಯರೇ,

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುತ್ತ, ಮಕ್ಕಳಾಗದ ಆಪರೇಷನ್ ಮಾಡುತ್ತ ನಿವೃತ್ತಳಾದ ವೈದ್ಯೆ ನಾನು. ನಿಮ್ಮ ಸಭೆಗಳಿಗೆ ಬಂದಾಗೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ, ಅದೂ ಸಭೆ ಮುಗಿದು ಎಲ್ಲರೂ ಎದ್ದ ಮೇಲೆ, ಮೆಲ್ಲಗೆ: "ಮೇಡಂ, ಆಪರೇಷನ್ ಆದವಳು ಮತ್ತೆ ಬಸಿರಾಗೋದು ಹೇಗೆ? ಕರ್ಕೊಂಡು ಹೋದೋಳು ನೀನೇ ಅಂತ ಮನೆಯವರು ನಮ್ಮನ್ನ ಬಯ್ತಾರೆ." ನಿಂತಲ್ಲೇ ಕೊಡುವ ಎರಡು ಮಾತಿನ ಉತ್ತರ ಸಾಲುವ ಪ್ರಶ್ನೆ ಇದಲ್ಲ. ಅದಕ್ಕೇ ಈ ಪತ್ರ.

ಕರ್ನಾಟಕದಲ್ಲಿ ಈ ಪ್ರಶ್ನೆ ಯಾಕೆ ಇಷ್ಟು ಸಲ ಬರುತ್ತದೆ ಎಂಬುದಕ್ಕೆ ಲೆಕ್ಕವೇ ಉತ್ತರ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿಯಷ್ಟು ಈ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಇಷ್ಟು ಜನ ಒಂದೇ ವಿಧಾನ ನೆಚ್ಚಿಕೊಂಡಿರುವಾಗ ಸಾವಿರಕ್ಕೆ ಕೆಲವರಲ್ಲಿ ಅದು ಕೈಕೊಟ್ಟರೂ ಪ್ರತಿ ತಾಲ್ಲೂಕಿನಲ್ಲೂ ಅಂಥವರು ಇದ್ದೇ ಇರುತ್ತಾರೆ.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ವಿವರಣೆ. ಗಂಡಸಿಗೆ ಕೊಡುವ ಸರ್ಟಿಫಿಕೇಟೂ ಹೆಂಗಸಿಗೆ ಕೊಡುವ ಸರ್ಟಿಫಿಕೇಟೂ ನೋಡಲು ಒಂದೇ ಥರ ಇದ್ದರೂ ಅವು ಹೇಳುವುದು ಬೇರೆ ಬೇರೆ. ಗಂಡಸಿನದು ಫಲಿತಾಂಶದ ಪತ್ರ: ಲ್ಯಾಬಿನಲ್ಲಿ ವೀರ್ಯ ನೋಡಿದೆವು, ವೀರ್ಯಾಣು ಇಲ್ಲ ಎಂದು. ಹೆಂಗಸಿನದು ಕೆಲಸದ ಪತ್ರ: ಆಪರೇಷನ್ ಮಾಡಿದೆವು, ಆ ಹೊತ್ತಿಗೆ ಬಸಿರಿರಲಿಲ್ಲ ಎಂದು. ಅವಳ ನಾಳ ಮುಚ್ಚಿದೆಯೇ ಎಂದು ಆಮೇಲೆ ನೋಡುವ ಪರೀಕ್ಷೆಯನ್ನು ನಾವು ಮಾಡುವುದೇ ಇಲ್ಲ.

ಹೆಂಗಸರ ಆಪರೇಷನ್ನಿನಿಂದ ಶುರು ಮಾಡೋಣ. ಗರ್ಭಕೋಶದ ಎರಡೂ ಬದಿಗೆ ಒಂದೊಂದು ಅಂಡನಾಳ ಇದೆ. ನಾವೆಲ್ಲ ಟ್ಯೂಬು ಅನ್ನುತ್ತೇವೆ. ಹತ್ತು ಸೆಂಟಿಮೀಟರಿನಷ್ಟು ಉದ್ದ, ಗರ್ಭಕೋಶದ ಹತ್ತಿರ ಸಣ್ಣ, ಅಂಡಾಶಯದ ಕಡೆ ಹೋದಂತೆ ಅಗಲ, ತುದಿಯಲ್ಲಿ ಬೆರಳು ಬೆರಳಾಗಿ ಬಿಚ್ಚಿಕೊಂಡ ಜಾಲರಿ. ಅಂಡವೂ ವೀರ್ಯಾಣುವೂ ಸಂಧಿಸುವುದು ಗರ್ಭಕೋಶದಲ್ಲಿ ಅಲ್ಲ, ಈ ಟ್ಯೂಬಿನ ಅಗಲ ಭಾಗದಲ್ಲಿ. ಹೆರಿಗೆಯಾದ ಏಳು ದಿನದೊಳಗೆ ಮಾಡುವಾಗ ಹೊಕ್ಕುಳ ಕೆಳಗೆ ಸಣ್ಣ ಗಾಯ ಮಾಡಿ, ಟ್ಯೂಬನ್ನು ಕುಣಿಕೆಯಂತೆ ಎತ್ತಿ, ಬುಡಕ್ಕೆ ಕ್ಯಾಟ್‌ಗಟ್ ದಾರ ಬಿಗಿದು, ಮೇಲಿನ ಒಂದು ಸೆಂಟಿಮೀಟರಿನಷ್ಟು ತುಂಡು ಕತ್ತರಿಸಿ ತೆಗೆಯುತ್ತೇವೆ. ಕ್ಯಾಟ್‌ಗಟ್ ಕೆಲ ವಾರದಲ್ಲಿ ಮೈಯೊಳಗೇ ಕರಗಿಹೋಗುತ್ತದೆ. ದಾರ ಕರಗಿದರೆ ಬಿಚ್ಚಿಕೊಳ್ಳುವುದಿಲ್ಲವೇ ಎಂದು ನೀವು ಕೇಳುತ್ತೀರಿ. ಕರಗಲಿ ಅಂತಲೇ ಆ ದಾರ. ಅದು ಹೋದಾಗ ಕತ್ತರಿಸಿದ ಎರಡು ತುದಿಗಳು ಪರಸ್ಪರ ದೂರ ಸರಿಯುತ್ತವೆ, ಒಂದೊಂದೂ ತನ್ನಷ್ಟಕ್ಕೆ ಮಾಯ್ದು ಮುಚ್ಚಿಕೊಳ್ಳುತ್ತದೆ. ಲ್ಯಾಪ್ರೋಸ್ಕೋಪಿಯಲ್ಲಿ ಕತ್ತರಿಸುವುದಿಲ್ಲ, ಗರ್ಭಕೋಶದಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಟ್ಯೂಬನ್ನು ಮಡಚಿ ಎಳೆದು ಸಿಲಿಕೋನ್ ರಬ್ಬರಿನ ಚಿಕ್ಕ ಉಂಗುರ ತೊಡಿಸುತ್ತೇವೆ. ಉಂಗುರ ಬಿಗಿದ ಮಡಿಕೆಗೆ ರಕ್ತ ನಿಂತು, ನೋಡುತ್ತಿದ್ದಂತೆಯೇ ಅದು ಬಿಳಿಚಿಕೊಳ್ಳುತ್ತದೆ. ಮುಂದೆ ಆ ಮಡಿಕೆ ಸತ್ತು, ಟ್ಯೂಬು ಅಲ್ಲೇ ಎರಡಾಗುತ್ತದೆ.

ಹೆಂಗಸರ ವಿಷಯದಲ್ಲಿ ಖಾತ್ರಿ ಅನ್ನುವುದೇನಾದರೂ ಇದ್ದರೆ ಅದು ಈ ಹತ್ತಿಪ್ಪತ್ತು ನಿಮಿಷದಲ್ಲಿ, ಡಾಕ್ಟರ ಕಣ್ಣಿನಲ್ಲಿ. ಟ್ಯೂಬಿನ ಹಿಂದೆ ಮುಂದೆ ಅದರಂತೆಯೇ ಕಾಣುವ ಇನ್ನೆರಡು ಹುರಿಗಳಿವೆ. ಅದರಲ್ಲೂ ಗರ್ಭಕೋಶವನ್ನು ಮುಂದಿನಿಂದ ಹಿಡಿದುಕೊಂಡಿರುವ ದುಂಡನೆಯ ಹುರಿ, ಸಣ್ಣ ಗಾಯದೊಳಗಿಂದ ನೋಡುವಾಗ, ಥೇಟು ಟ್ಯೂಬಿನಂತೆ. ಅದಕ್ಕೆ ದಾರ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಆದ್ದರಿಂದ ಹಿಡಿದದ್ದನ್ನು ಕೊನೆಯವರೆಗೂ ಜಗ್ಗಿ ನೋಡಿ, ತುದಿಯ ಜಾಲರಿ ಕಣ್ಣಿಗೆ ಬಿದ್ದ ಮೇಲೆಯೇ ಕಟ್ಟಬೇಕು ಎಂಬುದು ಪಾಠ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ. ಹಳೆಯ ಆಪರೇಷನ್ನಿಂದಲೋ ಸೋಂಕಿನಿಂದಲೋ ಒಳಗೆಲ್ಲ ಅಂಟಿಕೊಂಡಿದ್ದರೆ ಆ ಜಾಲರಿ ಕಾಣುವುದೇ ಇಲ್ಲ. ಆಗ "ಈ ಬದಿ ಖಾತ್ರಿಯಾಗಿ ಸಿಗಲಿಲ್ಲ" ಎಂದು ಕೇಸ್ ಶೀಟಿನಲ್ಲಿ ಬರೆದು, ಆಯಮ್ಮನಿಗೂ ಹೇಳಿ, ಬೇರೆ ವಿಧಾನ ಕೊಡಬೇಕು. ಸಾಲಾಗಿ ಹೆಂಗಸರನ್ನು ಮಲಗಿಸಿಕೊಂಡು ಗಡಿಯಾರ ನೋಡುತ್ತ ಮಾಡುವ ಕಡೆ ಮೊದಲು ಕೈಬಿಡುವುದು ಇದೇ ಹೆಜ್ಜೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ. ಕತ್ತರಿಸಿದ ತುಂಡನ್ನು ಲ್ಯಾಬಿಗೆ ಕಳಿಸಿ, ಅದು ಟ್ಯೂಬೇ ಹೌದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿಸುವ ಪದ್ಧತಿ ಕೆಲವು ದೇಶಗಳಲ್ಲಿದೆ. ನಮ್ಮಲ್ಲಿ ಸಾಮಾನ್ಯವಾಗಿ ಇಲ್ಲ. ಉಂಗುರ ಹಾಕಿದರೆ ಕಳಿಸಲು ತುಂಡೇ ಇರುವುದಿಲ್ಲ.

ಹಾಗಾದರೆ ಬಸಿರು ನಿಲ್ಲುವುದು ಯಾವ ಯಾವ ದಾರಿಯಲ್ಲಿ? ಆಪರೇಷನ್ನಿಗೂ ಬಸಿರಿಗೂ ನಡುವೆ ಎಷ್ಟು ಕಾಲ ಹೋಗಿದೆ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಪರೇಷನ್ ಆದ ತಿಂಗಳಲ್ಲೇ ಮುಟ್ಟು ನಿಂತರೆ, ಬಹುಶಃ ಅವಳು ಟೇಬಲ್ ಹತ್ತುವ ಮೊದಲೇ ಬಸಿರಾಗಿದ್ದಳು. ಅಂಡ ಬಿಡುಗಡೆಯಾಗಿ, ಕೂಡಿಕೊಂಡು, ಆಗಲೇ ಗರ್ಭಕೋಶದತ್ತ ಹೊರಟಿದ್ದರೆ ಹಿಂದೆ ಟ್ಯೂಬು ಕಟ್ಟಿದರೂ ಅದು ತನ್ನ ಪಾಡಿಗೆ ಬೆಳೆಯುತ್ತದೆ. ಆ ದಿನ ಮೂತ್ರ ಪರೀಕ್ಷೆ ಮಾಡಿದ್ದರೂ ಅಷ್ಟು ಬೇಗ ಅದು ತೋರಿಸುವುದಿಲ್ಲ. ಹಾಗಾಗಿಯೇ, ಬಾಣಂತಿಯಲ್ಲದವಳಿಗೆ ಮುಟ್ಟು ಶುರುವಾದ ಏಳು ದಿನದೊಳಗೆ ಮಾಡಿ ಎನ್ನುವುದು. ನೀವು ಕೇಸು ಕರೆದುಕೊಂಡು ಬರುವಾಗ "ಯಾವಾಗ ಹೊರಗಾದೆ?" ಎಂದು ಕೇಳಿ ತಾರೀಖು ಬರೆದುಕೊಂಡರೆ, ಈ ಬಗೆಯದನ್ನು ಬಹುಮಟ್ಟಿಗೆ ನೀವೇ ತಡೆದಂತೆ.

ಮೂರು, ಆರು, ಎಂಟು ತಿಂಗಳಿಗೆ ನಿಂತರೆ ಕಟ್ಟಿದ್ದೇ ತಪ್ಪಾಗಿರಬಹುದು: ಹುರಿಗೆ ಉಂಗುರ ಬಿದ್ದಿದೆ, ಒಂದೇ ಬದಿ ಆಗಿದೆ, ಅಥವಾ ಟ್ಯೂಬಿನ ಅರ್ಧ ದಪ್ಪಕ್ಕಷ್ಟೇ ಉಂಗುರ ಸಿಕ್ಕಿದೆ. ಹೆರಿಗೆಯಾದ ಹೊಸದರಲ್ಲಿ ಟ್ಯೂಬು ಊದಿಕೊಂಡಿರುವುದರಿಂದ ಉಂಗುರ ಸರಿಯಾಗಿ ಕೂರುವುದಿಲ್ಲ, ಆಗ ಲ್ಯಾಪ್ರೋಸ್ಕೋಪಿ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಒಂದೇ ಬದಿಯ ಟ್ಯೂಬು ಕಟ್ಟಿ, ಇನ್ನೊಂದನ್ನು ಮುಟ್ಟದೇ ಬಿಟ್ಟ ಹರಿಯಾಣದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2000ನೇ ಇಸವಿಯಲ್ಲಿ ಅದು ನಿರ್ಲಕ್ಷ್ಯವೇ ಎಂದು ತೀರ್ಪಾಯಿತು, ಪರಿಹಾರ ಕೊಡಬೇಕಾಯಿತು. 2005ರಲ್ಲಿ ಪಂಜಾಬಿನ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟು, ಮಗು ಹುಟ್ಟಿತು ಎಂಬ ಒಂದೇ ಕಾರಣಕ್ಕೆ ಡಾಕ್ಟರ ತಪ್ಪು ಎನ್ನಲಾಗದು, ನಿರ್ಲಕ್ಷ್ಯ ಇತ್ತೆಂದು ತೋರಿಸಬೇಕು ಎಂದಿತು. ಎರಡೂ ಸರಿಯೇ. ಯಾಕೆಂದರೆ ಮೂರನೆಯ ದಾರಿಯೊಂದಿದೆ. ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ.

ವರ್ಷಗಳು ಕಳೆದ ಮೇಲೆ ಆಗುವುದು ಅದು. ಕತ್ತರಿಸಿದ ಎರಡು ತುದಿ ಮತ್ತೆ ಹುಡುಕಿಕೊಂಡು ಬಂದು ಕೂಡುವುದುಂಟು. ಇನ್ನೊಂದು ಬಗೆ, ಗರ್ಭಕೋಶದ ಕಡೆ ಉಳಿದ ಮೊಂಡು ತುದಿಯಲ್ಲಿ ಒಳಪದರ ನಿಧಾನವಾಗಿ ಬೆಳೆದು, ಹೊಟ್ಟೆಯೊಳಕ್ಕೆ ಕೂದಲೆಳೆಯಷ್ಟು ರಂಧ್ರ ಬಿಡುವುದು. ಟ್ಯೂಬನ್ನು ಗರ್ಭಕೋಶಕ್ಕೆ ತೀರಾ ಹತ್ತಿರ ಕಟ್ಟಿದರೆ ಅಲ್ಲಿನ ಒತ್ತಡದಿಂದ ಇದು ಹೆಚ್ಚು, ಎರಡು ಮೂರು ಸೆಂಟಿಮೀಟರ್ ಬಿಟ್ಟು ಕಟ್ಟಿ ಎನ್ನುವುದು ಅದಕ್ಕೆ. ಆದರೆ ಎಷ್ಟೇ ಸರಿಯಾಗಿ ಕಟ್ಟಿದರೂ ಕೆಲವರ ಮೈ ಹಾಗೆ ಮಾಯುತ್ತದೆ. ಈ ರಂಧ್ರದಲ್ಲಿ ವೀರ್ಯಾಣು ನುಸುಳಿ ಆಚೆ ಹೋಗಬಲ್ಲದು. ಆಚೆ ಅಂಡವನ್ನು ಕೂಡಿದ ಮೇಲೆ ಆಗುವ ಪಿಂಡ ಅದೇ ರಂಧ್ರದಲ್ಲಿ ವಾಪಸು ಬರಲಾರದು, ಅದರ ಗಾತ್ರ ದೊಡ್ಡದು. ಅದು ಟ್ಯೂಬಿನ ಹೊರ ತುಂಡಿನಲ್ಲೇ ಕಚ್ಚಿಕೊಂಡು ಬೆಳೆಯತೊಡಗುತ್ತದೆ. ಎಕ್ಟೋಪಿಕ್ ಎಂದು ನಾವು ಹೆದರುವ ನಾಳದ ಬಸಿರು ಇದೇ.

ಎಷ್ಟು ಜನರಿಗೆ ಹೀಗಾಗುತ್ತದೆ? ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ, 1996ರಲ್ಲಿ ಪ್ರಕಟವಾದ ಅಧ್ಯಯನವೇ ಇವತ್ತಿಗೂ ಎಲ್ಲರೂ ಆಧರಿಸುವುದು. ಅದರಲ್ಲಿ ಹತ್ತು ವರ್ಷಕ್ಕೆ ಸಾವಿರಕ್ಕೆ 18ರಿಂದ 19 ಮಂದಿ ಬಸಿರಾದರು. ಬಾಣಂತನದಲ್ಲಿ ಟ್ಯೂಬಿನ ತುಂಡು ಕತ್ತರಿಸಿ ತೆಗೆದವರಲ್ಲಿ ಸಾವಿರಕ್ಕೆ 7ರಿಂದ 8, ಉಂಗುರ ಹಾಕಿಸಿಕೊಂಡವರಲ್ಲಿ ಸುಮಾರು 18. ಬಸಿರಾದವರಲ್ಲಿ ಸರಿಸುಮಾರು ಮೂವರಿಗೆ ಒಬ್ಬಳಿಗೆ ಅದು ನಾಳದಲ್ಲಿತ್ತು. ಆಪರೇಷನ್ ಆಗದ ಹೆಂಗಸರ ಬಸಿರಿನಲ್ಲಿ ಅದು ನೂರಕ್ಕೆ ಒಂದೆರಡು ಮಾತ್ರ. ಇನ್ನೊಂದು ಸಂಗತಿ ನಮ್ಮ ಊರುಗಳಿಗೆ ನೇರವಾಗಿ ತಾಗುತ್ತದೆ: ಚಿಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಬಸಿರು ಹೆಚ್ಚು. ಇಪ್ಪತ್ಮೂರಕ್ಕೆ ಆಪರೇಷನ್ ಆದವಳ ಮುಂದೆ ಬಸಿರಾಗಬಲ್ಲ ಇಪ್ಪತ್ತು ವರ್ಷ ಇರುತ್ತದೆ; ಮೂವತ್ತೈದಕ್ಕೆ ಆದವಳಿಗೆ ಅಷ್ಟಿಲ್ಲ. ನಮ್ಮಲ್ಲಿ ಇಪ್ಪತ್ತೈದು ದಾಟುವ ಮೊದಲೇ ಎರಡು ಮಕ್ಕಳಾಗಿ ಆಪರೇಷನ್ನೂ ಮುಗಿದಿರುತ್ತದೆ.

ಈಗ ಒಂದು ಕೇಸು ಹೇಳುತ್ತೇನೆ, ಗುರುತು ಸಿಗದಷ್ಟು ವಿವರ ಬದಲಾಯಿಸಿ. ಇಪ್ಪತ್ತೇಳರ ಹೆಣ್ಣುಮಗಳು. ಎರಡನೇ ಮಗುವಿಗೆ ಆರು ತಿಂಗಳಾದಾಗ ಲ್ಯಾಪ್ರೋಸ್ಕೋಪಿಯಲ್ಲಿ ಉಂಗುರ ಹಾಕಿಸಿಕೊಂಡಿದ್ದಳು. ನಾಲ್ಕು ವರ್ಷ ಏನೂ ತೊಂದರೆ ಇಲ್ಲ, ತಿಂಗಳು ತಿಂಗಳು ಸರಿಯಾಗಿ ಆಗುತ್ತಿತ್ತು. ಒಂದು ತಿಂಗಳು ಹನ್ನೆರಡು ದಿನ ತಡವಾಗಿ, ಕಾಫಿ ಬಣ್ಣದ ಕಲೆಯಷ್ಟೇ ಕಾಣಿಸಿಕೊಂಡಿತು. ಆಪರೇಷನ್ ಆಗಿದೆ ಎಂಬ ಧೈರ್ಯ. ಈ ಸಲ ಸರಿಯಾಗಿ ಆಗಿಲ್ಲ ಅಂದುಕೊಂಡಳು. ಎಡಗಡೆ ಕಿಬ್ಬೊಟ್ಟೆಯಲ್ಲಿ ಚುಚ್ಚುವ ನೋವು ಬಂತು. ಮೆಡಿಕಲ್ ಶಾಪಿನವನು ಗ್ಯಾಸಿನ ಮಾತ್ರೆ ಕೊಟ್ಟ. ಎರಡು ದಿನ ಬಿಟ್ಟು ಬಟ್ಟೆ ಒಗೆಯುತ್ತಿದ್ದಾಗ ಒಮ್ಮೆಲೇ ನೋವು ಹೆಚ್ಚಾಗಿ ಕಣ್ಣು ಕತ್ತಲಿಟ್ಟಿತು. ಆಟೋದಲ್ಲಿ ಮಲಗಿಸಿದರೆ ಭುಜ ಸಿಡಿಯುತ್ತಿದೆ ಎಂದು ಎದ್ದೆದ್ದು ಕೂರುತ್ತಿದ್ದಳಂತೆ. ಹೊಟ್ಟೆಯೊಳಗೆ ಸೋರಿದ ರಕ್ತ ಎದೆಗೂಡಿನ ಕೆಳಗಿನ ಪರದೆಗೆ ತಾಗಿದರೆ ನೋವು ಭುಜದ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಈ ಲಕ್ಷಣ ಕೇಳಿದ ಯಾರೂ ಗ್ಯಾಸು ಅನ್ನಬಾರದು.

ಆಸ್ಪತ್ರೆಗೆ ಬಂದಾಗ ನಾಡಿ 130, ಬಿಪಿ 80ಕ್ಕೆ ಇಳಿದಿತ್ತು, ಕಣ್ಣಿನ ಒಳರೆಪ್ಪೆ ಕಾಗದದಂತೆ ಬಿಳಿ. ದಾಖಲು ಮಾಡಿಕೊಂಡವರು ಕೇಸ್ ಶೀಟಿನ ಮೇಲೆ "ಟ್ಯೂಬೆಕ್ಟಮಿ ಆಗಿದೆ" ಎಂದು ಬರೆದು, ಬಸಿರಿನ ಪರೀಕ್ಷೆ ಬಿಟ್ಟು ಹೊಟ್ಟೆನೋವಿನ ಬೇರೆ ಕಾರಣಗಳನ್ನು ಹುಡುಕತೊಡಗಿದ್ದರು. ಮೂತ್ರ ತೆಗೆದು ಕಾರ್ಡಿನ ಮೇಲೆ ಹಾಕಿದಾಗ ಎರಡು ಗೆರೆ ಬಂತು. ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ, ಹೊಟ್ಟೆ ತುಂಬ ರಕ್ತ. ಹೊಟ್ಟೆ ತೆರೆದಾಗ ಎಡ ಟ್ಯೂಬಿನ ಹೊರ ಭಾಗ ಒಡೆದು ರಕ್ತ ಒಸರುತ್ತಿತ್ತು. ಎರಡೂ ಬದಿಯ ಉಂಗುರಗಳು ಹಾಕಿದ ಜಾಗದಲ್ಲೇ ಇದ್ದವು. ಆಪರೇಷನ್ ಮಾಡಿದ ಡಾಕ್ಟರು ತಮ್ಮ ಕೆಲಸ ಸರಿಯಾಗೇ ಮಾಡಿದ್ದರು. ಒಡೆದ ಟ್ಯೂಬು ತೆಗೆದೆವು, ಮೊದಲೇ ಒಪ್ಪಿಗೆ ಪಡೆದಿದ್ದರಿಂದ ಬಲದ್ದನ್ನೂ ತೆಗೆದೆವು, ರಕ್ತ ಕೊಟ್ಟೆವು. ಉಳಿದಳು. ಕಲೆ ಕಂಡ ದಿನವೇ ಮೂತ್ರ ಪರೀಕ್ಷೆ ಆಗಿದ್ದಿದ್ದರೆ ಟ್ಯೂಬು ಒಡೆಯುವ ಮೊದಲೇ, ಬಹುಶಃ ಹೊಟ್ಟೆ ಕೊಯ್ಯದೆಯೂ, ಚಿಕಿತ್ಸೆ ಆಗುತ್ತಿತ್ತು.

ಆ ಪರೀಕ್ಷೆ ನಿಮ್ಮ ಚೀಲದಲ್ಲೇ ಇದೆ. ನಿಶ್ಚಯ್ ಕಿಟ್. ಆಪರೇಷನ್ ಆದವಳು ಎಂಬ ಕಾರಣಕ್ಕೆ ಅವಳಿಗೆ ಕಿಟ್ ಕೊಡದೆ ಇರಬೇಡಿ. ಮುಟ್ಟು ತಡವಾದರೆ, ಅಥವಾ ಯಾವತ್ತಿನಂತಲ್ಲದೆ ಬರೀ ಕಲೆ ಕಂಡರೆ, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಒಂದೇ ಗೆರೆ ಬಂದು, ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ. ಎರಡು ಗೆರೆ ಬಂದರೆ ನೋವಿರಲಿ ಬಿಡಲಿ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಅಲ್ಲಿ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಬಸಿರು ಬೇಕೋ ಬೇಡವೋ ಎಂಬುದಲ್ಲ, ಬಸಿರು ಎಲ್ಲಿದೆ ಎಂಬುದು. ತೀರಾ ಮುಂಚೆ ಹೋದರೆ ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲೂ ಕಾಣದು, ನಾಳದಲ್ಲೂ ಕಾಣದು. "ಏನೂ ಇಲ್ಲ, ಹೋಗಿ" ಎಂದು ಅದಕ್ಕೆ ಅರ್ಥವಲ್ಲ. ಎರಡು ದಿನದ ಅಂತರದಲ್ಲಿ ರಕ್ತದ ಹಾರ್ಮೋನ್ ಪರೀಕ್ಷೆ ಮಾಡಿಸಿ, ಮತ್ತೆ ಸ್ಕ್ಯಾನ್ ನೋಡಬೇಕು.

ಇಲ್ಲಿ ಒಂದು ಅಪಾಯ ಈಚೆಗೆ ಬೆಳೆದಿದೆ. ಆಪರೇಷನ್ ಆದ ಮೇಲೆ ಬಸಿರಾದೆ ಎಂದು ಹೇಳಿಕೊಳ್ಳಲು ನಾಚಿ, ಗಂಡನ ಕೈಲಿ ಮೆಡಿಕಲ್ ಶಾಪಿನಿಂದ ಬಸಿರು ಹೋಗುವ ಮಾತ್ರೆ ತರಿಸಿಕೊಂಡು ನುಂಗುತ್ತಾರೆ. ಆ ಮಾತ್ರೆ ಗರ್ಭಕೋಶದ ಬಸಿರಿಗೆ ಕೆಲಸ ಮಾಡುತ್ತದೆ, ನಾಳದಲ್ಲಿರುವುದನ್ನು ಮುಟ್ಟುವುದಿಲ್ಲ. ಆದರೆ ರಕ್ತಸ್ರಾವ ಎರಡರಲ್ಲೂ ಆಗುತ್ತದೆ. ರಕ್ತ ಹೋಯಿತು, ಮುಗಿಯಿತು ಎಂದು ನಿಶ್ಚಿಂತೆಯಾಗಿ ಕೂತಿರುವಾಗ ಒಳಗೆ ಟ್ಯೂಬು ಒಡೆಯುತ್ತದೆ.

ಬಸಿರು ಗರ್ಭಕೋಶದಲ್ಲೇ ಇದ್ದರೆ ಹೆದರುವಂಥದ್ದೇನಿಲ್ಲ. ಆಪರೇಷನ್ನಿಂದ ಮಗುವಿಗೆ ಏನೂ ಆಗಿರುವುದಿಲ್ಲ, ಇಟ್ಟುಕೊಳ್ಳುವುದಾದರೆ ಎಲ್ಲರಂತೆ ತಾಯಿ ಕಾರ್ಡ್ ಮಾಡಿಸುವುದು. ಬೇಡವಾದರೆ ಸಂತಾನ ತಡೆಯ ವಿಧಾನ ವಿಫಲವಾದದ್ದನ್ನು ಕಾನೂನೇ ಗರ್ಭಪಾತಕ್ಕೆ ಕಾರಣವೆಂದು ಒಪ್ಪುತ್ತದೆ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಹದಿನೆಂಟು ತುಂಬಿದವಳಿಗೆ ಅವಳದೇ ಸಹಿ ಸಾಕು, ಗಂಡನದು ಬೇಕಿಲ್ಲ. ಆಪರೇಷನ್ ದಿನ ನೀವು ಸಾಕ್ಷಿಯಾಗಿ ನಿಂತು ಹೆಬ್ಬೆಟ್ಟು ಒತ್ತಿಸುವ ಒಪ್ಪಿಗೆ ಪತ್ರದಲ್ಲೂ ಇದೆ: ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಬಂದು ತಿಳಿಸಬೇಕು, ಬೇಡವಾದರೆ ಉಚಿತವಾಗಿ ಗರ್ಭಪಾತ ಮಾಡಿಸಿಕೊಳ್ಳಬಹುದು ಎಂದು. ಆ ಸಾಲನ್ನು ಓದಿ ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನು ಗಂಡಸರ ಆಪರೇಷನ್. ಇಲ್ಲಿ ಕಥೆ ಪೂರ್ತಿ ಬೇರೆ, ಒಂದು ರೀತಿ ಸುಲಭ. ಚರ್ಮಕ್ಕೆ ಹೊಲಿಗೆ ಇಲ್ಲದೆ, ಸಣ್ಣ ತೂತು ಮಾಡಿ ಎರಡೂ ಬದಿಯ ವೀರ್ಯನಾಳವನ್ನು ಹೊರಗೆಳೆದು, ತುಂಡು ತೆಗೆದು ಕಟ್ಟುತ್ತಾರೆ. ಕಟ್ಟಿದ ಒಂದು ತುದಿಯ ಮೇಲೆ ಅದರ ಸುತ್ತಲ ತೆಳು ಪದರವನ್ನೇ ಎಳೆದು ಹೊಲಿದು ಎರಡು ತುದಿಯ ನಡುವೆ ಗೋಡೆ ಮಾಡಿದರೆ ಮತ್ತೆ ಕೂಡಿಕೊಳ್ಳುವುದು ಬಹಳ ಕಡಿಮೆಯಾಗುತ್ತದೆ. ಅಷ್ಟಾದರೂ ಮನೆಗೆ ಹೋದ ಗಂಡಸು ಅವತ್ತಿಗೆ ಇನ್ನೂ ಬಸಿರು ಮಾಡಬಲ್ಲವನೇ. ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿ ನಿಂತ ನೀರು ಗದ್ದೆಗೆ ಹರಿಯುವುದಿಲ್ಲವೇ, ಹಾಗೆ ಕಟ್ಟಿದ ಜಾಗದಿಂದ ಮುಂದಕ್ಕೆ ಆಗಲೇ ಸೇರಿಕೊಂಡಿರುವ ವೀರ್ಯಾಣುಗಳು ಖಾಲಿಯಾಗಬೇಕು. ಅದಕ್ಕೆ ಮೂರು ತಿಂಗಳು. ಅಲ್ಲಿಯವರೆಗೆ ನಿರೋಧ್, ಅಥವಾ ಹೆಂಡತಿಗೆ ಬೇರೆ ವಿಧಾನ. ಗಂಡಸರ ಆಪರೇಷನ್ "ಫೇಲಾಯಿತು" ಎಂದು ಊರಲ್ಲಿ ಕೇಳುವ ಕಥೆಗಳಲ್ಲಿ ನಾನು ಮೊದಲು ಕೇಳುವುದು ಈ ಮೂರು ತಿಂಗಳನ್ನೇ.

ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ. ಯಾರೂ ಬರದಿರುವುದು ಇದಕ್ಕೇ. "ಆಪರೇಷನ್ ಆಯ್ತಲ್ಲ, ಇನ್ಯಾಕೆ ಡಾಕ್ಟ್ರೇ" ಎನ್ನುತ್ತಾರೆ. ಇನ್ನು ಕೆಲವರು, ವೀರ್ಯ ಮೊದಲಿನಂತೆಯೇ ಬರುತ್ತಿದೆ, ಹಾಗಾದರೆ ಆಪರೇಷನ್ ಆಗೇ ಇಲ್ಲ ಎಂದು ವಾದಿಸುತ್ತಾರೆ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರಾ ಸ್ವಲ್ಪ, ಉಳಿದದ್ದೆಲ್ಲ ಬೇರೆ ಗ್ರಂಥಿಗಳ ದ್ರವ. ಆದ್ದರಿಂದ ಬಣ್ಣ, ಪ್ರಮಾಣ ನೋಡಿ ಏನೂ ಹೇಳಲಾಗದು, ಸೂಕ್ಷ್ಮದರ್ಶಕವೇ ಬೇಕು. ಸ್ಯಾಂಪಲ್ ಕೊಡುವ ಬಗೆ ಅವರಿಗೆ ಯಾರೂ ಹೇಳಿರುವುದಿಲ್ಲ. ಲ್ಯಾಬಿನವರು ಕೊಟ್ಟ ಒಣ ಡಬ್ಬಿಯಲ್ಲಿ ಪೂರ್ತಿ ತೆಗೆಯಬೇಕು, ಅಂಗಡಿಯ ನಿರೋಧ್‌ನಲ್ಲಿ ಹಿಡಿದು ತಂದರೆ ನಡೆಯದು. ಮನೆಯಲ್ಲಿ ತೆಗೆದರೆ ಶರ್ಟಿನೊಳಗೆ ಮೈ ಬಿಸಿಯಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಯಾಕೆಂದರೆ ವೀರ್ಯಾಣು ಇದ್ದರೆ ಅದು ಚಲಿಸುತ್ತಿದೆಯೇ ಎಂಬುದನ್ನೂ ನೋಡುತ್ತಾರೆ. ಇದನ್ನು ನೀವು ಹೆಂಡತಿಗೆ ಹೇಳಿದರೆ ಅವಳು ಗಂಡನಿಗೆ ದಾಟಿಸುತ್ತಾಳೆ. ಗಂಡಸಿಗೆ ನೇರ ಹೇಳಲು ಮುಜುಗರವಾದರೆ ಪಿಎಚ್‌ಸಿಯ ಪುರುಷ ಸಿಬ್ಬಂದಿಗೆ ಬಿಡಿ.

ಒಂದೂ ವೀರ್ಯಾಣು ಇಲ್ಲ ಎಂದು ವರದಿ ಬಂದರೆ ಆಗ ಸರ್ಟಿಫಿಕೇಟ್, ಆಗ ನಿರೋಧ್ ಬಿಡಬಹುದು. ಇದ್ದರೆ ಅದು ಫೇಲು ಎಂದು ಕೂಡಲೇ ತೀರ್ಮಾನಿಸಬಾರದು, ಕೆಲವರಲ್ಲಿ ಖಾಲಿಯಾಗುವುದು ನಿಧಾನ. ತಿಂಗಳಿಗೊಮ್ಮೆ ನೋಡುತ್ತ ಆರು ತಿಂಗಳವರೆಗೆ ಕಾಯುವುದು, ನಿರೋಧ್ ಮುಂದುವರಿಸುವುದು. ಆರು ತಿಂಗಳಿಗೂ ಇದ್ದರೆ ಆಪರೇಷನ್ ವಿಫಲ, ಮತ್ತೆ ಮಾಡಬೇಕು. ಒಂದೇ ನಾಳವನ್ನು ಎರಡು ಸಲ ಕತ್ತರಿಸಿ ಇನ್ನೊಂದು ಹಾಗೇ ಉಳಿದದ್ದು, ಅಪರೂಪಕ್ಕೆ ಒಂದು ಬದಿ ಎರಡು ನಾಳ ಇದ್ದದ್ದು, ಕತ್ತರಿಸಿದ ಜಾಗದ ಗಂಟಿನಲ್ಲಿ ಸಣ್ಣ ಸಣ್ಣ ದಾರಿಗಳು ಬಿಟ್ಟುಕೊಂಡದ್ದು, ಎಲ್ಲವನ್ನೂ ಈ ಒಂದು ಪರೀಕ್ಷೆ ಹಿಡಿಯುತ್ತದೆ. ಹೆಂಗಸಿನ ಆಪರೇಷನ್ನಿನಲ್ಲಿ ಇಲ್ಲದ ಅನುಕೂಲ ಇದು. ಆದರೂ ನಮ್ಮಲ್ಲಿ ಆಪರೇಷನ್ನಿಗೆ ಕರೆತಂದದ್ದಕ್ಕೆ ಪ್ರೋತ್ಸಾಹಧನ ಉಂಟು, ಟಾರ್ಗೆಟ್ಟಿನ ಲೆಕ್ಕವೂ ಆ ದಿನಕ್ಕೇ ಮುಗಿಯುತ್ತದೆ. ಮೂರು ತಿಂಗಳ ನಂತರದ ಡಬ್ಬಿಯನ್ನು ಜ್ಞಾಪಿಸುವವರು ಯಾರೂ ಇಲ್ಲ.

ಪರೀಕ್ಷೆಯಲ್ಲಿ ಖಾಲಿ ಎಂದು ಬಂದ ಮೇಲೂ ಸುಮಾರು ಎರಡು ಸಾವಿರಕ್ಕೆ ಒಬ್ಬನಲ್ಲಿ ಮುಂದೆಂದೋ ನಾಳ ಕೂಡಿಕೊಂಡು ಹೆಂಡತಿ ಬಸಿರಾಗುವುದುಂಟು. ಇಲ್ಲಿ ನಿಮ್ಮ ಮಾತಿಗೆ ತುಂಬ ತೂಕ ಇದೆ, ಯಾಕೆಂದರೆ ಮನೆಯಲ್ಲಿ ಮೊದಲ ಸಂಶಯ ಬೀಳುವುದು ಹೆಂಡತಿಯ ಮೇಲೆ. ಅತ್ತೆ, ಮೈದುನ ಎಲ್ಲ ಸೇರಿ ಪಂಚಾಯಿತಿ ಕೂರುವ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ. ವೀರ್ಯಾಣು ಕಂಡರೆ ಆಪರೇಷನ್ ಕೈಕೊಟ್ಟದ್ದು ಖಚಿತ. ಕಾಣದಿದ್ದರೂ ಹೆಂಡತಿ ತಪ್ಪಿತಸ್ಥೆ ಎಂದು ಅರ್ಥವಲ್ಲ. 1994ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬ್ರಿಟನ್ನಿನ ವೈದ್ಯರು ಆರು ಗಂಡಸರ ವಿಷಯ ವರದಿ ಮಾಡಿದರು. ಆರೂ ಮಂದಿಯ ಪರೀಕ್ಷೆಯಲ್ಲಿ ವೀರ್ಯಾಣು ಕಂಡಿರಲಿಲ್ಲ, ಆದರೂ ಹುಟ್ಟಿದ ಮಕ್ಕಳು ಅವರವೇ ಎಂದು ಡಿಎನ್‌ಎ ಹೇಳಿತು. ನಾಳ ಕೆಲ ಕಾಲ ತೆರೆದು ಮತ್ತೆ ಮುಚ್ಚಿಕೊಳ್ಳಬಲ್ಲದು, ಅಥವಾ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ವೀರ್ಯಾಣು ಸಾಕಾಗಬಲ್ಲದು.

ಕೊನೆಗೆ ಕಾಗದದ ಮಾತು. ಹೆಂಗಸಿನ ಸರ್ಟಿಫಿಕೇಟು ಆಪರೇಷನ್ನಾಗಿ ಒಂದು ತಿಂಗಳಿಗೆ, ಅಥವಾ ಅದಕ್ಕೂ ಮೊದಲು ಮುಟ್ಟಾದರೆ ಆಗ. ಗಂಡಸಿನದು ವೀರ್ಯ ಪರೀಕ್ಷೆಯ ನಂತರ. ಡಿಸ್ಚಾರ್ಜ್ ದಿನವೇ ಕೊಟ್ಟು ಕಳಿಸಿದರೆ ಪಡೆದುಕೊಳ್ಳಿ, ಆದರೆ ಅದು ಏನನ್ನೂ ಖಾತ್ರಿ ಮಾಡಿಲ್ಲ ಎಂದು ತಿಳಿದಿರಿ. ಬಸಿರಿನ ಪರೀಕ್ಷೆ, ಸ್ಕ್ಯಾನ್, ವೀರ್ಯದ ವರದಿ ಯಾವುದೇ ಆಗಲಿ, ಅಸಲನ್ನು ಆಸ್ಪತ್ರೆಯ ಫೈಲಿಗೆ ಕೊಟ್ಟು ಬರೀಗೈಲಿ ಬರಬೇಡಿ, ಜೆರಾಕ್ಸ್ ಇಟ್ಟುಕೊಳ್ಳಿ. ಆಪರೇಷನ್ ವಿಫಲವಾದವರಿಗೆ ಸರ್ಕಾರದ ಕುಟುಂಬ ಯೋಜನೆ ಪರಿಹಾರ ಯೋಜನೆಯಲ್ಲಿ ಹಣ ಸಿಗುತ್ತದೆ, ಯಾರ ನಿರ್ಲಕ್ಷ್ಯವೆಂದು ಸಾಬೀತು ಮಾಡಬೇಕಿಲ್ಲ. ಅರ್ಜಿ ಹಾಕಲು ಇರುವುದು 90 ದಿನ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯ ಕುಟುಂಬ ಕಲ್ಯಾಣ ವಿಭಾಗದಲ್ಲಿ ಕೇಳಿ. ಎರಡು ಗೆರೆ ಕಂಡ ತಾರೀಖನ್ನು ನಿಮ್ಮ ಡೈರಿಯಲ್ಲೂ ಬರೆದಿಡಿ, ಆ 90 ದಿನ ಎಲ್ಲಿಂದ ಶುರು ಎಂಬ ತಕರಾರು ಬಂದಾಗ ಕೇಳುವುದು ಅದನ್ನೇ.

ಇತಿ ನಿಮ್ಮ,
ನಿವೃತ್ತ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞೆ